ಸ್ಟೇಟ್‌ಮೆಂಟ್ ಫೋಟೋದಲ್ಲಿ Cr, Dr, ಬ್ರಾಕೆಟ್, ಮೈನಸ್: ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು

ರಿಟರ್ನ್ ತುಂಬುವ ದಿನಗಳು ಬಂದರೆ ಹುಬ್ಬಳ್ಳಿಯ ಲೆಕ್ಕಪತ್ರದ ಆಫೀಸುಗಳಿಗೆ ವಾಟ್ಸಾಪ್‌ನಲ್ಲಿ ಫೋಟೋಗಳ ರಾಶಿ ಬರುತ್ತದೆ. ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಗಳಿಂದ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಂದ, ಗದಗಿನ ಅಂಗಡಿಗಳಿಂದ. ಪಾಸ್‌ಬುಕ್ ಪುಟ, ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರೆಡಿಟ್ ಕಾರ್ಡ್ ಬಿಲ್ ಎಲ್ಲವೂ ಮೊಬೈಲಿನಲ್ಲಿ ಹೊಡೆದ ಫೋಟೋ. ಅದನ್ನು ನೋಡಿ ಎಕ್ಸೆಲ್‌ಗೆ ಏರಿಸಬೇಕು. ಅಂಕಿ ತಪ್ಪಾದರೆ ಬೇಗ ಗೊತ್ತಾಗುತ್ತದೆ. ಅಂಕಿಯ ಪಕ್ಕದ ಸಣ್ಣ ಗುರುತು ತಪ್ಪಾದರೆ ಹಾಗಲ್ಲ. ಅಂಕಿ ನೋಡಲು ಸರಿಯಾಗಿಯೇ ಇರುತ್ತದೆ, ಲೆಕ್ಕ ಮಾತ್ರ ಮಗುಚಿ ಬೀಳುತ್ತದೆ.

ಗುರುತು ತಪ್ಪು ಓದಿದರೆ ಜಾಸ್ತಿ ಪೆಟ್ಟು ಬೀಳುವುದು ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ, ನಮ್ಮ ಕಡೆ ಎಲ್ಲರೂ ಸಿಸಿ ಖಾತೆ ಅನ್ನುವುದರಲ್ಲಿ. ಯಾಕೆಂದರೆ ಅದರ ಬಾಕಿ ಸಾಲದಿಂದ ಜಮಾಕ್ಕೆ, ಜಮಾದಿಂದ ಮತ್ತೆ ಸಾಲಕ್ಕೆ ದಾಟುತ್ತಾ ಇರುತ್ತದೆ. ಆದ್ದರಿಂದ ಇಲ್ಲಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು: ಇದು ಯಾರ ಪುಸ್ತಕ?

Cr ಅಂದರೆ ಕೂಡು, Dr ಅಂದರೆ ಕಳೆ ಎಂದು ಕಣ್ಣುಮುಚ್ಚಿ ಹೇಳುವ ಹಾಗಿಲ್ಲ. ಆ ಕಾಗದ ಯಾರ ಪುಸ್ತಕದಿಂದ ಬಂತು ಎಂಬುದರ ಮೇಲೆ ಅರ್ಥ ನಿಂತಿದೆ.

ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಿನ ಪುಸ್ತಕ. ನಿಮ್ಮ ದುಡ್ಡು ಬ್ಯಾಂಕಿನಲ್ಲಿದ್ದರೆ ಬ್ಯಾಂಕ್ ನಿಮಗೆ ಕೊಡಬೇಕು, ಹಾಗಾಗಿ ಬಾಕಿಯ ಮುಂದೆ Cr. ನೀವು ಬ್ಯಾಂಕಿಗೆ ಕೊಡಬೇಕಿದ್ದರೆ Dr. ಅದೇ ಖಾತೆಯನ್ನು ನಿಮ್ಮ ಟ್ಯಾಲಿಯಲ್ಲಿ ತೆರೆದು ನೋಡಿ, ಎಲ್ಲ ಉಲ್ಟಾ ಇರುತ್ತದೆ. ಬ್ಯಾಂಕಿನಲ್ಲಿ ನಿಮ್ಮ ಹಣ ಇದ್ದರೆ ಟ್ಯಾಲಿಯಲ್ಲಿ Dr, ಸಾಲ ಇದ್ದರೆ Cr. ಎರಡೂ ಸರಿಯೇ. ದಲಾಲಿ ಅಂಗಡಿಯವರು ಕಳಿಸುವ ನಿಮ್ಮ ಖಾತೆಯ ಉತಾರೆಯೂ ಹೀಗೇ: ಅದು ಅವರ ಪುಸ್ತಕ, ಅಲ್ಲಿನ Dr ಅಂದರೆ ನೀವು ಅವರಿಗೆ ಕೊಡಬೇಕಾದ ಬಾಕಿ.

ಕ್ರೆಡಿಟ್ ಕಾರ್ಡ್ ಬಿಲ್ಲಿನ ರೂಢಿ ಇನ್ನೊಂದು ತರ. ಅಲ್ಲಿ ಸಾಮಾನ್ಯವಾಗಿ ಖರೀದಿಯ ಮೊತ್ತಕ್ಕೆ ಗುರುತೇ ಇರುವುದಿಲ್ಲ, ನೀವು ಕಟ್ಟಿದ ಹಣ ಮತ್ತು ವಾಪಸ್ ಬಂದ ಹಣಕ್ಕೆ Cr ಇರುತ್ತದೆ. ಅಂದರೆ ಬಿಲ್ಲಿನ ಲೆಕ್ಕದಲ್ಲಿ Cr ಇದ್ದದ್ದನ್ನು ಕಳೆಯಬೇಕು. ಹಿಂದಿನ ಬಾಕಿ 18,240, ಕಟ್ಟಿದ್ದು 18,240 Cr, ಹೊಸ ಖರೀದಿ 3,499, ಒಂದು ವಾಪಸಾತಿ 1,299 Cr ಎಂದಿದ್ದರೆ ಈಗ ಕಟ್ಟಬೇಕಾದ್ದು 2,200. ಕೊನೆಯ ಒಟ್ಟು ಬಾಕಿಯ ಮುಂದೆಯೇ Cr ಇದ್ದರೆ ಕಾರ್ಡಿನಲ್ಲಿ ನಿಮ್ಮ ಹಣ ಜಾಸ್ತಿ ಇದೆ, ಏನೂ ಕಟ್ಟಬೇಕಿಲ್ಲ. ಕಾರ್ಡಿನ ಬಗ್ಗೆ ಇಷ್ಟು ಸಾಕು, ಸಿಸಿ ಖಾತೆಗೆ ಬರೋಣ.

ಅಲ್ಲಿ ನಾನು ಇಟ್ಟುಕೊಳ್ಳುವ ನಿಯಮ ಒಂದೇ: ಬಾಕಿಯ Cr ಅಂದರೆ ಪ್ಲಸ್, ಬಾಕಿಯ Dr ಅಂದರೆ ಮೈನಸ್. ಜಮಾ ಕಾಲಮ್ಮಿನ ಮೊತ್ತ ಪ್ಲಸ್, ಖರ್ಚಿನ ಕಾಲಮ್ಮಿನದು ಮೈನಸ್. ಇದನ್ನು ಕೆಲಸ ಶುರು ಮಾಡುವ ಮೊದಲೇ ಶೀಟಿನ ಮೇಲ್ಗಡೆ ಬರೆದಿಡಿ. ಅರ್ಧ ದಾರಿಯಲ್ಲಿ ಬದಲಿಸಬೇಡಿ.

ಕಂಡದ್ದನ್ನು ಕಂಡಂತೆ ಬರೆಯಿರಿ

ಫೋಟೋ ನೋಡುತ್ತಲೇ ಅರ್ಥ ಮಾಡಿಕೊಂಡು ಮೈನಸ್ ಹಾಕುತ್ತಾ ಹೋಗುವುದು ಬೇಡ. ಹಾಗೆ ಮಾಡಿದರೆ ಮೂಲದಲ್ಲಿ ಏನಿತ್ತು ಎಂಬುದೇ ಕಳೆದುಹೋಗುತ್ತದೆ. ಆಮೇಲೆ ತಪ್ಪು ಹುಡುಕಬೇಕೆಂದರೆ ಇಡೀ ಫೋಟೋ ಮತ್ತೆ ಓದಬೇಕು. ಅಂಕಿಗೆ ಒಂದು ಕಾಲಮ್, ಗುರುತಿಗೆ ಇನ್ನೊಂದು ಕಾಲಮ್ ಇಡಿ.

ನನ್ನ ಶೀಟಿನಲ್ಲಿ A ದಿನಾಂಕ, B ವಿವರ. C ಕಾಲಮ್ಮಿನಲ್ಲಿ ಖರ್ಚಿನ ಅಂಕಿ, D ಯಲ್ಲಿ ಅದರ ಗುರುತು. E ಯಲ್ಲಿ ಜಮಾ ಅಂಕಿ. F ನಲ್ಲಿ ಬಾಕಿಯ ಅಂಕಿ, G ಯಲ್ಲಿ ಬಾಕಿಯ ಗುರುತು. ಬಾಕಿಗೆ Cr ಅಥವಾ Dr ಎಂದು ಇದ್ದ ಹಾಗೇ ಬರೆಯುತ್ತೇನೆ. ಮೊತ್ತದ ಸುತ್ತ ಬ್ರಾಕೆಟ್ ಇದ್ದರೆ D ಯಲ್ಲಿ B ಎಂದು, ಮೈನಸ್ ಇದ್ದರೆ M ಎಂದು ಹಾಕುತ್ತೇನೆ. ಮೈನಸ್ ಅಂಕಿಯ ಮುಂದೆ ಇದ್ದರೂ ಅಷ್ಟೇ, ಹಿಂದೆ ಇದ್ದರೂ ಅಷ್ಟೇ. ಕೆಲವು ಸಾಫ್ಟ್‌ವೇರ್‌ಗಳ ಪ್ರಿಂಟಿನಲ್ಲಿ 1,250.00- ಎಂದು ಬಾಲದಲ್ಲಿ ಗೆರೆ ಬರುತ್ತದೆ, ಅದೂ ಮೈನಸ್ಸೇ.

ಬ್ರಾಕೆಟ್ ಸಮೇತ ಟೈಪ್ ಮಾಡಿದರೆ ಏನಾಗುತ್ತದೆ ಎಂದೂ ತಿಳಿದಿರಲಿ. ಎಕ್ಸೆಲ್‌ನಲ್ಲಿ (590) ಎಂದು ಹೊಡೆದು ಎಂಟರ್ ಒತ್ತಿದರೆ ಅದು ತಾನಾಗಿಯೇ -590 ಆಗುತ್ತದೆ. ಆದರೆ 590 Dr ಎಂದು ಹೊಡೆದರೆ ಅದನ್ನು ಅಕ್ಷರ ಎಂದು ತಿಳಿಯುತ್ತದೆ. ಸೆಲ್ಲಿನ ಎಡಕ್ಕೆ ಅಂಟಿಕೊಳ್ಳುತ್ತದೆ, SUM ಅದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ತಪ್ಪು ಎಂದು ತೋರಿಸುವುದೇ ಇಲ್ಲ. ಅಂಕಿಗಳೆಲ್ಲ ಬಲಕ್ಕೆ ನಿಂತಿರುವಾಗ ಒಂದೆರಡು ಎಡಕ್ಕೆ ಸರಿದಿದ್ದರೆ ಅಲ್ಲೇ ನಿಲ್ಲಿ.

ಖಾಲಿ ಜಾಗದಲ್ಲಿ ಒಂಟಿ ಗೆರೆ ಮಾತ್ರ ಇದ್ದರೆ ಅದು ಮೈನಸ್ ಅಲ್ಲ, ಸೊನ್ನೆ. ಅಂಕಿ ಇಲ್ಲ ಎಂದು ತೋರಿಸಲು ಹಾಗೆ ಹಾಕುತ್ತಾರೆ.

ಒಂದು ಸಿಸಿ ಖಾತೆ ತೆಗೆದುಕೊಳ್ಳೋಣ

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಖಾತೆ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾಡಿದವು, ಆದರೆ ಸ್ವರೂಪ ದಿನಾ ಕಾಣುವಂಥದ್ದೇ. ಫೋಟೋದಲ್ಲಿ ಹೀಗಿದೆ:

```
ಸಾಲು   ಖರ್ಚು        ಜಮಾ           ಬಾಕಿ
0                                3,42,600.00Dr
1                   1,80,000.00  1,62,600.00Dr
2      95,400.00                 2,58,000.00Dr
3      590.00                    2,58,590.00Dr
4                   3,10,000.00  51,410.00Cr
5      76,500.00                 25,090.00Dr
6      (590.00)                  24,500.00Dr
7      1,842.00                  26,342.00Dr
```

ಸೊನ್ನೆಯ ಸಾಲು ಹಿಂದಿನಿಂದ ಬಂದ ಬಾಕಿ. ವ್ಯಾಪಾರಿ ಬ್ಯಾಂಕಿಗೆ 3,42,600 ಕೊಡಬೇಕು, ಹಾಗಾಗಿ ನಮ್ಮ ಶೀಟಿನಲ್ಲಿ ಅದು ಮೈನಸ್. ಒಂದನೆಯ ಸಾಲಿನಲ್ಲಿ 1,80,000 ಜಮಾ ಆಯಿತು, ಸಾಲ ಇಳಿಯಿತು. ಎರಡರಲ್ಲಿ ಚೆಕ್ ಹೋಯಿತು, ಸಾಲ ಏರಿತು. ಮೂರರಲ್ಲಿ ಬ್ಯಾಂಕ್ ಶುಲ್ಕ: 500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 90, ಒಟ್ಟು 590. ಏಳನೆಯದು ತಿಂಗಳ ಬಡ್ಡಿ.

ನೋಡಬೇಕಾದ ಜಾಗ ಎರಡು. ನಾಲ್ಕನೆಯ ಸಾಲಿನಲ್ಲಿ ಮಾಲಿನ ದುಡ್ಡು 3,10,000 ಬಂದು ಸಾಲ ಪೂರ್ತಿ ತೀರಿ 51,410 ಮೇಲುಳಿಯಿತು. ಎಂಟು ಬಾಕಿಗಳಲ್ಲಿ ಇದೊಂದಕ್ಕೆ ಮಾತ್ರ Cr. ಮೇಲೆ ಕೆಳಗೆ ಎಲ್ಲ Dr ಇರುವಾಗ ಕಣ್ಣು ಅದನ್ನೂ Dr ಎಂದೇ ಓದಿಬಿಡುತ್ತದೆ.

ಆರನೆಯ ಸಾಲು ಇನ್ನೂ ನಾಜೂಕು. ಮೊದಲು ಹಾಕಿದ್ದ ಶುಲ್ಕವನ್ನು ಬ್ಯಾಂಕ್ ವಾಪಸ್ ಮಾಡಿದೆ. ಆದರೆ ಅದನ್ನು ಜಮಾ ಕಾಲಮ್ಮಿನಲ್ಲಿ ತೋರಿಸದೆ ಖರ್ಚಿನ ಕಾಲಮ್ಮಿನಲ್ಲೇ ಬ್ರಾಕೆಟ್ ಹಾಕಿ ತೋರಿಸಿದೆ. ಖರ್ಚೇ ಮೈನಸ್, ಅದರೊಳಗೆ ಬ್ರಾಕೆಟ್ಟಿನ ಮೈನಸ್. ಎರಡು ಮೈನಸ್ ಸೇರಿ ಪ್ಲಸ್ ಆಯಿತು. ಬ್ರಾಕೆಟ್ ಕಂಡ ಕೂಡಲೇ "ಹಣ ಹೋಯಿತು" ಎಂದು ಓದುವವರು ಇಲ್ಲೇ ಎಡವುವುದು. ಕಾಲಮ್ಮಿನ ಅರ್ಥವನ್ನು ಬ್ರಾಕೆಟ್ ತಿರುಗಿಸುತ್ತದೆ, ಅಷ್ಟೇ. ಖರ್ಚಿನಲ್ಲಿ ಬ್ರಾಕೆಟ್ ಬಂದರೆ ಹಣ ಬಂತು, ಜಮಾದಲ್ಲಿ ಬ್ರಾಕೆಟ್ ಬಂದರೆ ಹಣ ಹೋಯಿತು.

ಬಾಕಿಯಿಂದ ಗುರುತನ್ನು ಪರೀಕ್ಷೆ ಮಾಡುವುದು

ಗುರುತನ್ನು ಎಷ್ಟು ಸಲ ದಿಟ್ಟಿಸಿ ನೋಡಿದರೂ ಕಣ್ಣು ಮತ್ತೆ ಅದೇ ತಪ್ಪು ಓದಬಹುದು. ಪ್ರತಿ ಸಾಲಿನ ಬಾಕಿ ಇರುವುದರಿಂದ ಗುರುತನ್ನು ಲೆಕ್ಕದಿಂದಲೇ ತಾಳೆ ನೋಡಬಹುದು. ಹಿಂದಿನ ಬಾಕಿಗೆ ಈ ಸಾಲಿನ ವ್ಯವಹಾರ ಸೇರಿಸಿದರೆ ಈ ಸಾಲಿನ ಬಾಕಿ ಬರಲೇಬೇಕು.

ಶೀಟಿನ ಎರಡನೆಯ ಸಾಲಿನಲ್ಲಿ ಆರಂಭದ ಬಾಕಿ, ಮೂರನೆಯದರಿಂದ ವ್ಯವಹಾರಗಳು. H ನಲ್ಲಿ ಗುರುತು ಸೇರಿದ ಬಾಕಿ, I ನಲ್ಲಿ ವ್ಯವಹಾರ, J ನಲ್ಲಿ ತಾಳೆ. ಮೂರನೆಯ ಸಾಲಿಗೆ ಸೂತ್ರಗಳು ಇವು:

```
H3: =IF(G3="Dr",-F3,IF(G3="Cr",F3,NA()))
I3: =E3-IF(OR(D3="B",D3="M"),-C3,C3)
J3: =ROUND(H2+I3-H3,2)
```

H3 ಯ ಸೂತ್ರವನ್ನು H2 ಗೂ ಹಾಕಿ, ಮೂರನ್ನೂ ಕೆಳಗಿನವರೆಗೆ ಎಳೆಯಿರಿ. J ಪೂರ್ತಿ ಸೊನ್ನೆ ಬರಬೇಕು. ಗುರುತು ಬರೆಯದೆ ಬಿಟ್ಟ ಬಾಕಿಯನ್ನು ಸೂತ್ರ ಪ್ಲಸ್ ಎಂದು ತಿಳಿಯಬಾರದು, ಅದಕ್ಕೇ NA() ಇಟ್ಟದ್ದು. ಬಿಟ್ಟುಹೋದ ಕಡೆ #N/A ಕಾಣುತ್ತದೆ. ಪೈಸೆಯ ಲೆಕ್ಕದಲ್ಲಿ ಎಕ್ಸೆಲ್ ಒಳಗೊಳಗೇ ಚೂರು ವ್ಯತ್ಯಾಸ ಉಳಿಸಿಕೊಳ್ಳುವುದರಿಂದ ROUND ಬೇಕು. ಜಮಾ ಕಾಲಮ್ಮಿನಲ್ಲಿ ಬ್ರಾಕೆಟ್ ಬರುವ ಸ್ಟೇಟ್‌ಮೆಂಟ್ ಆದರೆ E ಗೂ ಹೀಗೆಯೇ ಒಂದು ಗುರುತಿನ ಕಾಲಮ್ ಸೇರಿಸಿಕೊಳ್ಳಿ.

ಈಗ ತಪ್ಪು ಮಾಡಿ ನೋಡೋಣ. ನಾಲ್ಕನೆಯ ವ್ಯವಹಾರದ 51,410 ಕ್ಕೆ Cr ಬದಲು Dr ಎಂದು ಬರೆಯಿರಿ. ಲೆಕ್ಕದ ಪ್ರಕಾರ ಬರಬೇಕಾದದ್ದು ಪ್ಲಸ್ 51,410, ನಾವು ಬರೆದದ್ದು ಮೈನಸ್ 51,410. ಹಾಗಾಗಿ ತಾಳೆಯ ಕಾಲಮ್ಮಿನಲ್ಲಿ 1,02,820 ಬೀಳುತ್ತದೆ. ಮುಂದಿನ ಸಾಲಿನಲ್ಲಿ -1,02,820. ಒಂದರ ಕೆಳಗೆ ಒಂದು, ಅದೇ ಮೊತ್ತ, ಗುರುತು ಮಾತ್ರ ಉಲ್ಟಾ. ಹೀಗೆ ಜೋಡಿಯಾಗಿ ಬಂದರೆ ವ್ಯವಹಾರ ಸರಿ ಇದೆ, ಬಾಕಿಯನ್ನೇ ತಪ್ಪು ಓದಿದ್ದೇವೆ ಎಂದರ್ಥ. ಮೊತ್ತವನ್ನು ಅರ್ಧ ಮಾಡಿ: 51,410. ಜೋಡಿಯ ಮೊದಲ ಸಾಲಿನ ಬಾಕಿಯೇ ಅದು. ಅಂದರೆ ತಪ್ಪಿರುವುದು ಬಾಕಿಯ ಗುರುತಿನಲ್ಲಿ.

ಇದು ತಿದ್ದದೆ ಉಳಿದರೆ ಏನಾಗುತ್ತದೆ ಎಂದರೆ, "ರೀ ಸರ್, ಅವತ್ತು ನನ್ನ ಖಾತೆದಾಗ ಐವತ್ತೊಂದು ಸಾವಿರ ಜಮಾ ಇತ್ತು, ನೀವು ಸಾಲ ಅಂತ ತೋರಿಸೀರಲ್ರಿ" ಎಂದು ವ್ಯಾಪಾರಿ ಬಂದು ನಿಲ್ಲುತ್ತಾರೆ. ಅವರು ಹೇಳುವುದು ಸರಿಯೇ. ಆ ದಿನ ಮಾರ್ಚ್ 31 ಆಗಿದ್ದರಂತೂ ಆಸ್ತಿ ಪಟ್ಟಿಗೆ ಹೋಗಬೇಕಾದ ಮೊತ್ತ ಸಾಲದ ಪಟ್ಟಿಗೆ ಹೋಗಿರುತ್ತದೆ.

ಎರಡನೆಯ ತಪ್ಪು: ಆರನೆಯ ವ್ಯವಹಾರದ ಬ್ರಾಕೆಟ್ ಕಾಣಲಿಲ್ಲ, ಸುಮ್ನೆ 590 ಎಂದು ಬರೆದೆವು. ತಾಳೆಯಲ್ಲಿ -1,180 ಬರುತ್ತದೆ, ಆ ಒಂದೇ ಸಾಲಿನಲ್ಲಿ. ಮುಂದಿನ ಸಾಲು ಸೊನ್ನೆ. ಅರ್ಧ ಮಾಡಿದರೆ 590, ಆ ಸಾಲಿನದೇ ವ್ಯವಹಾರ. ಒಂಟಿ ವ್ಯತ್ಯಾಸ, ಅದರ ಅರ್ಧ ವ್ಯವಹಾರಕ್ಕೆ ಸಮ ಎಂದರೆ ಎರಡರಲ್ಲಿ ಒಂದು: ಬ್ರಾಕೆಟ್ ಅಥವಾ ಮೈನಸ್ ತಪ್ಪಿಹೋಗಿದೆ, ಇಲ್ಲವೇ ಜಮಾ ಮೊತ್ತವನ್ನು ಖರ್ಚಿನಲ್ಲಿ ಬರೆದಿದ್ದೇವೆ.

ಅರ್ಧ ಮಾಡಿದ್ದು ಯಾವುದಕ್ಕೂ ಹೊಂದದಿದ್ದರೆ ಗುರುತು ಮಾತ್ರ ತಪ್ಪಿಲ್ಲ, ಅಂಕಿಯೂ ಕೆಟ್ಟಿದೆ, ಅಥವಾ ನಡುವೆ ಒಂದು ಸಾಲೇ ಬಿಟ್ಟುಹೋಗಿದೆ.

ಫೋಟೋದಿಂದ ಅಕ್ಷರ ತೆಗೆಯುವ ಆಪ್ ಬಳಸಿದರೆ

ಕೈಯಲ್ಲಿ ಟೈಪ್ ಮಾಡುವ ಬದಲು ಫೋಟೋದಿಂದ ನೇರ ಅಕ್ಷರ ತೆಗೆಯುವ ಆಪ್ ಬಳಸುವವರು ಈಗ ಜಾಸ್ತಿ. ಅದು ಗುರುತನ್ನು ಕೆಡಿಸುವ ರೀತಿಯೇ ಬೇರೆ. ತೆರೆಯುವ ಬ್ರಾಕೆಟ್ಟನ್ನು 1 ಎಂದು ಓದಿಬಿಡಬಹುದು. ಆಗ (590.00) ಎಂಬುದು 1590.00 ಆಗುತ್ತದೆ. ಗುರುತೂ ಹೋಯಿತು, ಒಂದು ಸಾವಿರ ರೂಪಾಯಿಯೂ ಸೇರಿತು.

ಇದನ್ನು ಹಿಡಿಯಲು ಅಲ್ಪವಿರಾಮ ನೋಡಿ. ಇಡೀ ಸ್ಟೇಟ್‌ಮೆಂಟಿನಲ್ಲಿ ಸಾವಿರಕ್ಕೆ ಅಲ್ಪವಿರಾಮ ಇರುವಾಗ 1590.00 ಕ್ಕೆ ಮಾತ್ರ ಯಾಕಿಲ್ಲ? ಹಾಗೆಯೇ (25,000.00) ಎಂಬುದು 125,000.00 ಆಗಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು 1,25,000.00 ಇರಬೇಕಿತ್ತು, ಅಲ್ವಾ? ಅಲ್ಪವಿರಾಮ ತಪ್ಪು ಜಾಗದಲ್ಲಿ ಇದ್ದರೆ ಮುಂದಿನ 1 ಬ್ರಾಕೆಟ್ ಇರಬಹುದು. ಆದರೆ (1,250.00) ಎಂಬುದು 11,250.00 ಆದರೆ ಅಲ್ಪವಿರಾಮ ಏನೂ ಹೇಳುವುದಿಲ್ಲ, ಅದು ಸರಿಯಾದ ಜಾಗದಲ್ಲೇ ಕೂರುತ್ತದೆ. ಅಲ್ಲಿ ತಾಳೆಯ ಕಾಲಮ್ಮೇ ಗತಿ. ಮುಚ್ಚುವ ಬ್ರಾಕೆಟ್ 1 ಆದರೆ ಪತ್ತೆ ಸುಲಭ. ಚುಕ್ಕಿಯ ನಂತರ ಮೂರು ಅಂಕಿ ಬರುತ್ತವೆ, ಪೈಸೆಗೆ ಮೂರು ಅಂಕಿ ಇಲ್ಲವಲ್ಲ.

Dr ನ D ಸೊನ್ನೆಯಾಗಿ 26,342.000r ಎಂದು ಬರುವುದೂ ಉಂಟು. ಅಂಕಿಗೆ ಅಂಟಿಕೊಂಡು ಅಚ್ಚಾದ Dr ಗಳಲ್ಲಿ ಈ ಅಪಾಯ ಹೆಚ್ಚು. ಗುರುತು ಇರಬೇಕಾದ ಜಾಗದಲ್ಲಿ Cr, Dr ಎರಡೂ ಅಲ್ಲದ ಏನೇ ಬಂದರೂ ಊಹೆಯಿಂದ ತುಂಬಬೇಡಿ. ಕಾಲಮ್ ಖಾಲಿ ಬಿಡಿ, #N/A ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ.

ಇನ್ನೊಂದು, ಮೈನಸ್‌ನಂತೆ ಕಾಣುವ ಗೆರೆ ಕೀಲಿಮಣೆಯ ಮೈನಸ್ ಆಗಿರದೆ ಸ್ವಲ್ಪ ಉದ್ದದ ಬೇರೆ ಅಕ್ಷರ ಆಗಿರಬಹುದು. ಎಕ್ಸೆಲ್ ಅಂಥದ್ದನ್ನು ಅಂಕಿ ಎಂದು ಒಪ್ಪುವುದಿಲ್ಲ, ಸೆಲ್ಲಿನ ಎಡಕ್ಕೆ ನಿಲ್ಲಿಸುತ್ತದೆ. ಆ ಗೆರೆಯನ್ನು ಕಾಪಿ ಮಾಡಿ, Ctrl+H ಒತ್ತಿ, ಮಾಮೂಲಿ ಮೈನಸ್‌ಗೆ ಬದಲಿಸಿ. ಬಾಲದ ಮೈನಸ್ ಇರುವ ಇಡೀ ಕಾಲಮ್ ಸಿಕ್ಕರೆ Text to Columns ತೆರೆದು ಕೊನೆಯ ಹಂತದ Advanced ನಲ್ಲಿ Trailing minus for negative numbers ಗೆ ಟಿಕ್ ಇದೆಯೇ ನೋಡಿ, ಮುಗಿಸಿ. 1,250.00- ಎಂಬುದು -1250 ಆಗುತ್ತದೆ. ಹೀಗೆ ಅಂಕಿಯಲ್ಲೇ ಮೈನಸ್ ಬಂದ ಸಾಲಿಗೆ D ಯಲ್ಲಿ ಮತ್ತೆ M ಹಾಕಬೇಡಿ, ಹಾಕಿದರೆ ಸೂತ್ರ ಅದನ್ನು ಎರಡು ಸಲ ತಿರುಗಿಸುತ್ತದೆ.

ಫೋಟೋ ಕೇಳುವಾಗಲೇ

ಅರ್ಧ ತೊಂದರೆ ಫೋಟೋದಲ್ಲೇ ಇರುತ್ತದೆ. ಬಾಕಿಯ ಕಾಲಮ್ ಸಾಮಾನ್ಯವಾಗಿ ಕಾಗದದ ಬಲ ಅಂಚಿನಲ್ಲಿ ಇರುವುದರಿಂದ ಫೋಟೋ ಕತ್ತರಿಸುವಾಗ ಮೊದಲು ಹೋಗುವುದು Cr, Dr ಗಳೇ. ನಾಲ್ಕೂ ಅಂಚು ಕಾಣಲಿ ಎಂದು ಹೇಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿಕ್ಕದಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತದೆ.

ಸ್ಕ್ಯಾನ್ ಆಪ್‌ನ ಕಪ್ಪು-ಬಿಳುಪು ಫಿಲ್ಟರ್ ಬೇಡ. ತೆಳ್ಳಗಿನ ಮೈನಸ್ ಗೆರೆಯನ್ನು ಅದು ಕಲೆ ಎಂದು ಅಳಿಸಬಹುದು. ಅದಕ್ಕಿಂತ ಮುಖ್ಯ ಕಾರಣ ಬೇರೆ ಇದೆ. ಎಕ್ಸೆಲ್‌ನಲ್ಲಿ ಮೈನಸ್ ಮೊತ್ತವನ್ನು ಯಾವ ಗುರುತೂ ಇಲ್ಲದೆ ಬರೀ ಕೆಂಪು ಬಣ್ಣದಲ್ಲಿ ತೋರಿಸುವ ವ್ಯವಸ್ಥೆ ಇದೆ. ಅಂಗಡಿಯವರು ಕಳಿಸುವ ಉತಾರೆಗಳಲ್ಲಿ ಇದು ಸಿಗುತ್ತದೆ. ಬಣ್ಣ ಹೋದರೆ ಮೈನಸ್ಸೇ ಹೋಯಿತು, ಎಷ್ಟು ದೊಡ್ಡದು ಮಾಡಿ ನೋಡಿದರೂ ಸಿಗದು. ಮಡಚಿದ ಕಾಗದದ ಗೆರೆ ಅಂಕಿಯ ಪಕ್ಕ ಬಿದ್ದು ಮೈನಸ್‌ನಂತೆ ಕಾಣುವುದೂ ಇದೆ. ಗೆರೆ ಪಕ್ಕದ ಕಾಲಮ್ಮಿಗೂ ಮುಂದುವರಿದಿದೆಯೇ ನೋಡಿದರೆ ತಿಳಿಯುತ್ತದೆ.

ಮೊತ್ತದ ಗುರುತು ಓದಲಾಗದಿದ್ದರೆ ವಿವರದ ಕಾಲಮ್ ನೆರವಿಗೆ ಬರುತ್ತದೆ. ಹಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ BY ಎಂದು ಶುರುವಾದರೆ ಖಾತೆಗೆ ಹಣ ಬಂದದ್ದು, TO ಎಂದು ಶುರುವಾದರೆ ಹೋದದ್ದು. BY TRANSFER ಎಂದಿದ್ದ ಸಾಲು ನಿಮ್ಮ ಶೀಟಿನಲ್ಲಿ ಖರ್ಚಾಗಿದ್ದರೆ ಮತ್ತೊಮ್ಮೆ ನೋಡಿ.

ತಾಳೆಗೆ ಸಿಗದ ತಪ್ಪು

ತಾಳೆಯ ಕಾಲಮ್ ಪೂರ್ತಿ ಸೊನ್ನೆ ಬಂದರೂ ಒಂದು ತಪ್ಪು ಉಳಿದಿರಬಹುದು. ಜಮಾ-ಖರ್ಚಿನ ಕಾಲಮ್‌ಗಳನ್ನು ಅದಲುಬದಲು ಮಾಡಿ, ಎಲ್ಲ Dr ಗಳನ್ನೂ ಪ್ಲಸ್ ಎಂದು ತೆಗೆದುಕೊಂಡರೆ ಕನ್ನಡಿಯಲ್ಲಿ ಕಂಡ ಹಾಗೆ ಲೆಕ್ಕ ಪೂರ್ತಿ ಉಲ್ಟಾ ಆಗಿಯೂ ಸರಿಯಾಗಿ ತಾಳೆಯಾಗುತ್ತದೆ. ಮೇಲಿನ ತಲೆಬರಹ ಕತ್ತರಿಸಿ ಹೋದ ಫೋಟೋಗಳಲ್ಲಿ, ಅಥವಾ ಅಂಗಡಿಯ ಟ್ಯಾಲಿ ಉತಾರೆಯನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಎಂದು ತಿಳಿದಾಗ ಹೀಗಾಗುತ್ತದೆ.

ಇದಕ್ಕೆ ಅರ್ಥ ಖಚಿತವಾಗಿ ಗೊತ್ತಿರುವ ಒಂದು ಸಾಲು ಹಿಡಿಯಬೇಕು. ಸಿಸಿ ಖಾತೆಯಲ್ಲಿ ಬಡ್ಡಿಯ ಸಾಲೇ ಒಳ್ಳೆಯದು. ಬಡ್ಡಿ ಬಿದ್ದರೆ ಸಾಲ ಏರಲೇಬೇಕು. ನಮ್ಮ ಉದಾಹರಣೆಯಲ್ಲಿ 1,842 ಬಡ್ಡಿ ಬಿದ್ದ ಮೇಲೆ 24,500Dr ಇದ್ದದ್ದು 26,342Dr ಆಯಿತು. Dr ಏರಿತು, ಅಂದರೆ Dr ಸಾಲವೇ, ಇದು ಬ್ಯಾಂಕಿನ ಪುಸ್ತಕವೇ. ಅದೇ ಬಡ್ಡಿ ಬಿದ್ದಾಗ Cr ಏರಿದ್ದರೆ ನಿಮ್ಮ ಕೈಯಲ್ಲಿರುವುದು ವ್ಯಾಪಾರಿಯ ಟ್ಯಾಲಿಯ ಉತಾರೆ. ಆಗ ಶೀಟಿನ ಮೇಲೆ ಬರೆದ ನಿಯಮವನ್ನೂ H ನ ಸೂತ್ರವನ್ನೂ ತಿರುಗಿಸಿ. ಟ್ಯಾಲಿ ಉತಾರೆಯ ಡೆಬಿಟ್ ಕಾಲಮ್ ಅಂದರೆ ಬ್ಯಾಂಕಿಗೆ ಹಣ ಬಂದದ್ದು, ಅದು E ಗೆ ಹೋಗಬೇಕು. ಕ್ರೆಡಿಟ್ ಕಾಲಮ್ C ಗೆ. ಉಳಿತಾಯ ಖಾತೆಯಲ್ಲಿ ಇದು ಮಗ್ಗುಲು ಬದಲಿಸುತ್ತದೆ: ಅಲ್ಲಿ ಬ್ಯಾಂಕ್ ನಿಮಗೆ ಬಡ್ಡಿ ಕೊಡುತ್ತದೆ, ಬ್ಯಾಂಕಿನ ಪುಸ್ತಕದಲ್ಲಿ Cr ಏರಬೇಕು.

ಪುಟದ ಮೊದಲ ಮತ್ತು ಕೊನೆಯ ಬಾಕಿಗಳಲ್ಲಿ ಮೇಲೆ ಹೇಳಿದ ಜೋಡಿ ವ್ಯತ್ಯಾಸ ಕಾಣುವುದಿಲ್ಲ, ಯಾಕೆಂದರೆ ಅವಕ್ಕೆ ಒಂದೇ ಕಡೆ ನೆರೆಯ ಸಾಲು ಇದೆ. ಅಲ್ಲಿ ಒಂಟಿ ವ್ಯತ್ಯಾಸ ಬಂದರೆ ಅರ್ಧವನ್ನು ವ್ಯವಹಾರದ ಜೊತೆಗೂ ಬಾಕಿಯ ಜೊತೆಗೂ ಹೋಲಿಸಿ. ಆರಂಭದ 3,42,600 ಕ್ಕೆ Cr ಹಾಕಿದ್ದರೆ ಒಂದನೆಯ ವ್ಯವಹಾರದಲ್ಲಿ ಮಾತ್ರ 6,85,200 ವ್ಯತ್ಯಾಸ ತೋರುತ್ತದೆ. ಪುಟಗಳು ಹಲವು ಇದ್ದರೆ ಹಿಂದಿನ ಪುಟದ ಕೊನೆಯ ಬಾಕಿ ಮತ್ತು ಮುಂದಿನ ಪುಟದ ಮೇಲಿನ ಬಾಕಿಯನ್ನು ಗುರುತು ಸಮೇತ ಹೊಂದಿಸಿ. ಅಂಕಿ ಹೊಂದಿ ಗುರುತು ಹೊಂದದಿದ್ದರೆ ಎರಡರಲ್ಲಿ ಒಂದನ್ನು ತಪ್ಪು ಓದಿದ್ದೀರಿ. ಅಂಕಿಯೇ ಹೊಂದದಿದ್ದರೆ ನಡುವಿನ ಪುಟ ಬಂದಿಲ್ಲ, ವ್ಯಾಪಾರಿಗೆ ಫೋನ್ ಮಾಡಿ ಬ್ಯಾಂಕಿನಿಂದ ಆ ತಿಂಗಳ ಪಿಡಿಎಫ್ ತರಿಸಿಕೊಳ್ಳಿ.